"ನಮ್ಗೆ ವೆಂಡರ್ ಇದಾರೆ, ಚೆನ್ನಾಗೇ ನಡೀತಿದೆ": ಒಂದು ಕಾರ್ಟನ್ ಬಾಕ್ಸ್ ಪ್ರಕರಣ

ಈ ಪ್ರಕರಣದಲ್ಲಿ ಎರಡು ಕಂಪನಿಗಳಿವೆ. ಮಾರುವವರು ಪೀಣ್ಯದಲ್ಲಿ ಕಾರ್ಟನ್ ಬಾಕ್ಸ್ ಮಾಡುವ ಒಂದು ಸಣ್ಣ ಕಾರ್ಖಾನೆ. ಕೊಳ್ಳಬೇಕಾದವರು ತುಮಕೂರು ರಸ್ತೆ ಕಡೆಯ ಒಂದು ರಫ್ತು ಕಂಪನಿ. ಗರ್ಕಿನ್ ಅಂತ ಕರೆಯುವ ಮಿಡಿಸೌತೆಯನ್ನು ವಿನೆಗರ್‌ನಲ್ಲಿ ಹಾಕಿ, ಗಾಜಿನ ಜಾರ್‌ಗಳಲ್ಲಿ ತುಂಬಿ ಹೊರದೇಶಕ್ಕೆ ಕಳಿಸುವುದು ಅವರ ವ್ಯವಹಾರ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ರೇಟುಗಳನ್ನೂ ಸ್ವಲ್ಪ ಆಚೀಚೆ ಮಾಡಿದ್ದೇನೆ, ಆದರೆ ಲೆಕ್ಕ ಬಂದ ರೀತಿ ಹಾಗೇ ಇದೆ. ನಾನು ಆಗ ಬಾಕ್ಸ್ ಕಂಪನಿಯ ಮಾರಾಟದ ಕೆಲಸಕ್ಕೆ ಸಲಹೆ ಕೊಡುತ್ತಿದ್ದೆ, ಹಾಗಾಗಿ ಹೆಚ್ಚಿನ ಮಾತುಕತೆಗಳು ನನ್ನ ಎದುರಿಗೇ ನಡೆದವು.

ಹಿನ್ನೆಲೆ

ಕಾರ್ಟನ್ ಬಾಕ್ಸ್ ಮಾಡುವವರಲ್ಲಿ ಎರಡು ಜಾತಿ. ಒಂದು ಆಟೊಮ್ಯಾಟಿಕ್ ಲೈನ್ ಹಾಕಿಕೊಂಡವರು. ಒಂದು ಕಡೆಯಿಂದ ಕ್ರಾಫ್ಟ್ ಪೇಪರ್ ರೀಲ್ ಹೋದರೆ ಇನ್ನೊಂದು ಕಡೆಯಿಂದ ಒಣಗಿದ ಶೀಟ್ ಕತ್ತರಿಸಿಕೊಂಡು ಬರುತ್ತದೆ. ಇನ್ನೊಂದು ಸೆಮಿ ಆಟೊಮ್ಯಾಟಿಕ್‌ನವರು. ಇಲ್ಲಿ ಸುಕ್ಕುಗಟ್ಟಿದ ಪೇಪರ್ ಒಂದು ಮಷಿನ್‌ನಲ್ಲಿ ಆಗುತ್ತದೆ, ಅಂಟು ಹಚ್ಚುವುದು ಇನ್ನೊಂದರಲ್ಲಿ. ಆಮೇಲೆ ಶೀಟ್‌ಗಳನ್ನು ಒತ್ತಿಟ್ಟು ಒಣಗಿಸಬೇಕು. ಪ್ರಿಂಟ್, ಸೀಳು ಹಾಕುವುದು, ಪಿನ್ ಹೊಡೆಯುವುದು ಎಲ್ಲಾ ಬೇರೆ ಬೇರೆ ಕಡೆ. ನಮ್ಮ ಬಾಕ್ಸ್ ಕಂಪನಿ ಈ ಎರಡನೇ ಜಾತಿಯದ್ದು.

ಇದು ಯಾಕೆ ಮುಖ್ಯ ಅಂದರೆ, ಆಟೊಮ್ಯಾಟಿಕ್ ಲೈನ್ ಒಮ್ಮೆ ಸೆಟ್ ಆಗಿ ಓಡೋಕೆ ಶುರುವಾದರೆ ಸಾವಿರಗಟ್ಟಲೆ ಬಾಕ್ಸ್ ಅಗ್ಗವಾಗಿ ಬರುತ್ತವೆ. ಆದರೆ ಪ್ರತಿ ಸೈಜಿಗೆ ರೀಲ್ ಅಗಲ ಹೊಂದಿಸಿ, ಮಷಿನ್ ನಿಲ್ಲಿಸಿ, ಮತ್ತೆ ಶುರು ಮಾಡುವಾಗ ವೇಸ್ಟ್ ಜಾಸ್ತಿ. ಅದಕ್ಕೇ ಅವರು "ಕನಿಷ್ಠ ಐದು ಸಾವಿರ ಪೀಸ್ ಇರಬೇಕು" ಅನ್ನುತ್ತಾರೆ. ಸೆಮಿ ಆಟೊಮ್ಯಾಟಿಕ್‌ನವರು ಸಾವಿರ, ಎರಡು ಸಾವಿರ ಪೀಸ್ ಕೂಡ ಮಾಡಿಕೊಡುತ್ತಾರೆ. ಆದರೆ ಕೂಲಿ ಜಾಸ್ತಿ, ಒಂದು ಬಾಕ್ಸಿನ ರೇಟೂ ಜಾಸ್ತಿ.

ರಫ್ತು ಕಂಪನಿಯ ಎಲ್ಲಾ ಬಾಕ್ಸ್‌ಗಳೂ ವರ್ಷಗಳಿಂದ ಒಬ್ಬ ಆಟೊಮ್ಯಾಟಿಕ್ ಲೈನ್‌ನವರಿಂದಲೇ ಬರುತ್ತಿದ್ದವು.

"ಬೇಡ ಸರ್" ಅಂದಿದ್ದು ಮತ್ತು ಮೊದಲ ಉತ್ತರ

2019ರ ಮಧ್ಯದಲ್ಲಿ ಬಾಕ್ಸ್ ಕಂಪನಿಯ ಮಾರ್ಕೆಟಿಂಗ್ ಹುಡುಗ ಅಲ್ಲಿಗೆ ಹೋದ. ಪರ್ಚೇಸ್ ಮ್ಯಾನೇಜರ್ ಕೂರಿಸಿ ಕಾಫಿ ಕೊಟ್ಟರು. ಕಾಫಿ ಮುಗಿಯುವ ಮೊದಲೇ ಹೇಳಿದರು: "ನೋಡಿ, ನಮ್ಗೆ ವೆಂಡರ್ ಇದಾರೆ. ಚೆನ್ನಾಗೇ ನಡೀತಿದೆ. ಸುಮ್ನೆ ನಿಮ್ಮ ಟೈಮ್ ಯಾಕೆ ಹಾಳು ಮಾಡ್ಲಿ?"

ಹುಡುಗ ಅಲ್ಲೇ ಉತ್ತರ ಕೊಟ್ಟ. "ಸರ್, ಒಂದೇ ಒಂದು ಚಾನ್ಸ್ ಕೊಡಿ. ಅವರ ರೇಟಿಗಿಂತ ಐದು ಪರ್ಸೆಂಟ್ ಕಮ್ಮಿ ಮಾಡಿಕೊಡ್ತೀವಿ."

ಮ್ಯಾನೇಜರ್ ಮುಖ ಸ್ವಲ್ಪ ಅರಳಿತು. "ಹಂಗಾದ್ರೆ ಕೊಟೇಶನ್ ಕಳಿಸಿ" ಅಂದರು. ಹುಡುಗ ಖುಷಿಯಿಂದ ಬಂದು, ಮಾಲೀಕರನ್ನು ಒಪ್ಪಿಸಿ, ಹತ್ತು ಸೈಜಿಗೆ ಕೊಟೇಶನ್ ಕಳಿಸಿದ. ಆಮೇಲೆ ಫೋನ್ ಮಾಡಿದರೆ "ನೋಡ್ತಾ ಇದೀವಿ", ಮತ್ತೆ ಮಾಡಿದರೆ "ಎಂಡಿ ಹತ್ರ ಇದೆ". ಕೊನೆಗೆ ಫೋನ್ ಎತ್ತುವುದೇ ನಿಂತಿತು.

ಆಗಿದ್ದೇನು ಅಂತ ಪೇಪರ್ ಸಪ್ಲೈ ಮಾಡುವ ಡೀಲರ್ ಒಬ್ಬರಿಂದ ಗೊತ್ತಾಯಿತು. ಆ ಕೊಟೇಶನ್ ಹಳೇ ವೆಂಡರ್ ಮೇಜಿನ ಮೇಲೆ ಹೋಗಿತ್ತು. ಅವರು ಮೂರು ಸೈಜಿಗೆ ರೇಟ್ ಇಳಿಸಿ ವ್ಯವಹಾರ ಉಳಿಸಿಕೊಂಡಿದ್ದರು. ಇದರಲ್ಲಿ ಪರ್ಚೇಸ್‌ನವರ ತಪ್ಪೇನೂ ನನಗೆ ಕಾಣುವುದಿಲ್ಲ. ಕೈಗೆ ಬಂದ ರೇಟನ್ನು ಬಳಸದೇ ಇದ್ದರೆ ಅವರ ಕೆಲಸವೇ ಅವರು ಮಾಡಿದ ಹಾಗಲ್ಲ. "ನಾವು ಖುಷಿಯಾಗಿದೀವಿ" ಅಂದವರಿಗೆ ಕಡಿಮೆ ರೇಟ್ ಕೊಟ್ಟರೆ, ಅವರು ಈಗಿರುವವರ ಜೊತೆಯೇ ಇನ್ನಷ್ಟು ಖುಷಿಯಾಗಿರುತ್ತಾರೆ, ಅಷ್ಟೇ. ಅದೂ ಅಲ್ಲದೆ, ಆಟೊಮ್ಯಾಟಿಕ್ ಲೈನ್‌ನವರ ರೇಟಿಗಿಂತ ಐದು ಪರ್ಸೆಂಟ್ ಕೆಳಗೆ ಈ ಕಂಪನಿ ದೊಡ್ಡ ಲಾಟ್ ಮಾಡಿದ್ದರೆ ಪ್ರತಿ ಬಾಕ್ಸ್ ಮೇಲೂ ಕೈಯಿಂದ ದುಡ್ಡು ಹೋಗುತ್ತಿತ್ತು. ಆರ್ಡರ್ ಸಿಗದೇ ಹೋಗಿದ್ದೇ ಒಳ್ಳೆಯದಾಯಿತು.

ಖುಷಿ ನಿಜವೋ, ಸಾಗಹಾಕುವ ಮಾತೋ

ಮಾಲೀಕರು ಹುಡುಗನನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಅವರು ವೆಂಡರ್ ಬಗ್ಗೆ ಇನ್ನೇನಾದ್ರೂ ಹೇಳಿದ್ರಾ?"

ಹುಡುಗನಿಗೆ ಒಂದು ಮಾತು ನೆನಪಿತ್ತು. ಕಾಫಿ ಕುಡಿಯುವಾಗ ಮ್ಯಾನೇಜರ್ ಒಂದು ಘಟನೆ ಹೇಳಿದ್ದರು. ಒಂದು ಸಲ ಚೆನ್ನೈ ಬಂದರಿಗೆ ಹೋಗಬೇಕಾದ ಕಂಟೇನರ್ ಲೋಡ್ ಆಗುತ್ತಿತ್ತು. ಎಂಟುನೂರು ಬಾಕ್ಸ್ ಕಡಿಮೆ ಬಿದ್ದವು. ರಾತ್ರಿ ಹನ್ನೊಂದು ಗಂಟೆಗೆ ವೆಂಡರ್ ತಾನೇ ಟೆಂಪೋದಲ್ಲಿ ಬಾಕ್ಸ್ ಹಾಕಿಸಿಕೊಂಡು ಬಂದಿದ್ದರಂತೆ.

ಹುಡುಗ ಅದನ್ನು ಸುಮ್ಮನೆ ಹರಟೆ ಅಂದುಕೊಂಡಿದ್ದ. ಮಾಲೀಕರಿಗೆ ಅದೇ ದೊಡ್ಡ ಸುದ್ದಿ. ಯಾಕೆಂದರೆ "ಚೆನ್ನಾಗೇ ನಡೀತಿದೆ" ಅನ್ನುವ ಒಂದೇ ಮಾತನ್ನು ಜನ ಬೇರೆ ಬೇರೆ ಕಾರಣಕ್ಕೆ ಹೇಳುತ್ತಾರೆ. ಬಂದವರನ್ನು ಬೇಗ ಕಳಿಸಬೇಕು ಅಂತ ಹೇಳುವವರು "ಎಲ್ಲಾ ಚೆನ್ನಾಗಿದೆ" ಅಂತ ಮೇಲುಮೇಲೆ ಹೇಳಿ ನಿಲ್ಲಿಸುತ್ತಾರೆ. ಏನು ಚೆನ್ನಾಗಿದೆ ಅಂತ ಕೇಳಿದರೆ ಅವರ ಹತ್ತಿರ ಉತ್ತರ ಇರುವುದಿಲ್ಲ. ನಿಜವಾಗಿ ತೃಪ್ತಿ ಇರುವವರು ಕೇಳದೇ ಇದ್ದರೂ ಒಂದು ಘಟನೆ ಹೇಳುತ್ತಾರೆ. ರಾತ್ರಿ ಹನ್ನೊಂದು ಗಂಟೆಯ ಟೆಂಪೋ ಅಂಥದ್ದು.

ಅಂದರೆ ಈ ಮ್ಯಾನೇಜರ್ ಖುಷಿ ನಿಜವಾದದ್ದು. ಅದನ್ನು ಅಲ್ಲಾಡಿಸಲು ಹೋದರೆ ಅವರು ವೆಂಡರ್ ಪರವಾಗಿ ವಾದ ಮಾಡುತ್ತಾರೆ. ಕಷ್ಟದಲ್ಲಿ ಬಂದವರ ಬಗ್ಗೆ ಯಾರಾದರೂ ಕೊಂಕು ಮಾತಾಡಿದರೆ ನಾವು ಹಾಗೇ ಮಾಡುತ್ತೇವೆ, ಅಲ್ವಾ?

ಹುಡುಗನ ಸಲಹೆ ಬೇರೆ ಇತ್ತು. ರಫ್ತು ಕಂಪನಿಯ ಫ್ಯಾಕ್ಟರಿ ಹೆಡ್ ಅವನ ದೂರದ ಪರಿಚಯ. ಪರ್ಚೇಸ್ ಬಿಟ್ಟು ನೇರ ಅವರನ್ನೇ ಹಿಡಿಯೋಣ ಅಂದ. ಮಾಲೀಕರು ಒಪ್ಪಲಿಲ್ಲ. "ನಾಳೆ ಬಿಲ್ ಪಾಸ್ ಮಾಡೋರು ಯಾರಪ್ಪಾ? ಅವರನ್ನ ದಾಟಿ ಒಳಗೆ ಹೋದ್ರೆ ಮೊದಲ ರಿಜೆಕ್ಷನ್‌ನಲ್ಲೇ ಆಚೆ ಹಾಕ್ತಾರೆ" ಅಂದರು. ಈ ತೀರ್ಮಾನ ಸರಿ ಅಂತ ನನಗೆ ಆಗಲೇ ಅನ್ನಿಸಿತ್ತು. ಹೊಸ ಸಪ್ಲೈಯರ್‌ನ ಮೊದಲ ಲಾಟ್‌ನಲ್ಲಿ ಏನಾದರೂ ಒಂದು ಕೊರತೆ ಇದ್ದೇ ಇರುತ್ತದೆ. ಅದನ್ನು ಸರಿ ಮಾಡಲು ಟೈಮ್ ಕೊಡುವುದೋ, ಲಾಟ್ ವಾಪಸ್ ಕಳಿಸುವುದೋ ಅನ್ನುವುದು ಪರ್ಚೇಸ್‌ನವರ ಕೈಯಲ್ಲಿರುತ್ತದೆ.

ಎರಡನೇ ಉತ್ತರ

ಕೆಲವು ತಿಂಗಳು ಬಿಟ್ಟು ಮಾಲೀಕರೇ ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ಬರೆದರು. ಆ ಮೆಸೇಜ್ ಪೂರ್ತಿ ಕೊಡುತ್ತೇನೆ, ಒಂದೊಂದು ವಾಕ್ಯಕ್ಕೂ ಕಾರಣ ಇದೆ.

"ಸರ್, ನಮಸ್ಕಾರ. ನಮ್ಮ ಹುಡುಗ ಕಳಿಸಿದ ರೇಟುಗಳನ್ನು ಬದಿಗಿಡಿ. ನಿಮ್ಮ ವೆಂಡರ್ ಆಟೊಮ್ಯಾಟಿಕ್ ಲೈನ್‌ನವರು, ದೊಡ್ಡ ಲಾಟ್‌ನಲ್ಲಿ ಅವರ ರೇಟಿಗೆ ನಾನು ಬರೋಕಾಗಲ್ಲ. ಅವರನ್ನು ಬದಲಾಯಿಸಿ ಅಂತ ಕೇಳೋಕೆ ಇದನ್ನ ಬರೀತಿಲ್ಲ. ಒಂದೇ ವಿಷಯ ತಿಳ್ಕೋಬೇಕಿತ್ತು. ನಿಮ್ಮ ಪ್ರಿಂಟೆಡ್ ಬಾಕ್ಸ್‌ಗಳಲ್ಲಿ, ತರಿಸಿದ್ದು ಪೂರ್ತಿ ಬಳಕೆಯಾಗದೆ ಉಳ್ಕೊಳ್ಳೋವು ಯಾವುದಾದ್ರೂ ಇದ್ಯಾ? ಇಲ್ಲ ಅಂದ್ರೆ ಇಲ್ಲ ಅಂತ ಒಂದು ಮಾತು ಹಾಕಿ ಸಾಕು, ಮತ್ತೆ ತೊಂದರೆ ಕೊಡಲ್ಲ."

ಮೊದಲು, ಕೊಟೇಶನ್ ವಾಪಸ್ ತೆಗೆದುಕೊಂಡರು. ಮ್ಯಾನೇಜರ್ ಕೈಯಲ್ಲಿ ಆ ರೇಟ್ ಇರುವವರೆಗೂ ಮಾತೆಲ್ಲಾ ರೇಟಿನ ಸುತ್ತಲೇ ತಿರುಗುತ್ತಿತ್ತು. ಎರಡನೆಯದಾಗಿ, ತಮ್ಮಿಂದ ಆಗದ್ದನ್ನು ತಾವೇ ಹೇಳಿದರು. ಸಣ್ಣ ಮಷಿನ್‌ನವರು ದೊಡ್ಡವರ ರೇಟಿಗೆ ಬರೋಕಾಗಲ್ಲ ಅಂತ ಮ್ಯಾನೇಜರ್‌ಗೆ ಚೆನ್ನಾಗಿ ಗೊತ್ತು. ಗೊತ್ತಿರುವವರ ಎದುರು "ಅವರಿಗಿಂತ ಕಮ್ಮಿ" ಅಂದರೆ, ಕ್ವಾಲಿಟಿಯಲ್ಲಿ ಎಲ್ಲೋ ಕೈ ಹಾಕ್ತಾರೆ ಅಂತಲೇ ಅವರು ಅಂದುಕೊಳ್ಳುವುದು. ಪೇಪರ್ ಜಿಎಸ್ಎಂ, ಅಂದರೆ ಒಂದು ಚದರ ಮೀಟರ್ ಪೇಪರಿನ ಗ್ರಾಂ ತೂಕ, ಒಂದು ಹತ್ತು ಇಳಿಸಿದರೆ ನೋಡಿದವರಿಗೆ ಗೊತ್ತಾಗುವುದಿಲ್ಲ, ಕಂಟೇನರ್‌ನಲ್ಲಿ ಒಂದರ ಮೇಲೊಂದು ಪೇರಿಸಿದಾಗಲೇ ಗೊತ್ತಾಗುವುದು.

ಮೂರನೆಯದು ಆ ಪ್ರಶ್ನೆ. ಅದು ಎಲ್ಲಿಂದಲೋ ಹೊಳೆದದ್ದಲ್ಲ. ಇಂಥ ರಫ್ತು ಕಂಪನಿಗಳು ಸ್ವಂತ ಹೆಸರಿಗಿಂತ ಜಾಸ್ತಿ ಬೇರೆಯವರ ಹೆಸರಿನಲ್ಲಿ ಪ್ಯಾಕ್ ಮಾಡುತ್ತವೆ. ಯೂರೋಪಿನ ಒಂದು ಸೂಪರ್‌ಮಾರ್ಕೆಟ್‌ಗೆ ಒಂದು ಪ್ರಿಂಟ್, ಅಮೆರಿಕದ ಇನ್ನೊಬ್ಬ ಆಮದುದಾರನಿಗೆ ಇನ್ನೊಂದು. ಕೆಲವು ಗಿರಾಕಿಗಳು ಸೀಸನ್‌ಗೆ ಒಂದು ಕಂಟೇನರ್ ಮಾತ್ರ ತಗೋತಾರೆ. ಅದಕ್ಕೆ ಬೇಕಾಗುವ ಬಾಕ್ಸ್ ಎರಡು ಸಾವಿರದ ಒಳಗೆ. ವೆಂಡರ್ ಐದು ಸಾವಿರಕ್ಕಿಂತ ಕಡಿಮೆ ಮಾಡಲ್ಲ. ಹಾಗಾದರೆ ಮಿಕ್ಕಿದ್ದು ಎಲ್ಲಿಗೆ ಹೋಗುತ್ತದೆ? ಮಾಲೀಕರು ತಮ್ಮ ಮಷಿನ್‌ನ ಶಕ್ತಿ ಎಲ್ಲಿದೆ ಅಂತ ನೋಡಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಈ ಪ್ರಶ್ನೆಗೆ ಬಂದಿದ್ದರು. "ನಿಮಗೇನಾದ್ರೂ ಸಮಸ್ಯೆ ಇದ್ಯಾ?" ಅಂತ ಕೇಳಿದ್ದರೆ "ಏನೂ ಇಲ್ಲ" ಅನ್ನುವ ಉತ್ತರ ಗ್ಯಾರಂಟಿ. ಉಳಿದ ಬಾಕ್ಸ್ ಇದ್ಯಾ ಅನ್ನುವುದು ಹೋಗಿ ನೋಡಿ ಹೇಳಬಹುದಾದ ವಿಷಯ. ಅದಕ್ಕೆ ಹೌದು ಅಂದರೆ ವೆಂಡರ್‌ನ ದೂರಿದ ಹಾಗೂ ಆಗುವುದಿಲ್ಲ.

ಮರುದಿನ ಉತ್ತರ ಬಂತು. "ಇರಬಹುದು. ಸ್ಟೋರ್ಸ್‌ನವರನ್ನ ಕೇಳ್ಬೇಕು. ಈ ಕಡೆ ಬಂದಾಗ ಬನ್ನಿ."

ಸ್ಟೋರ್ಸ್‌ನಲ್ಲಿ ಕಂಡದ್ದು

ಮ್ಯಾನೇಜರ್ ಅವರೇ ಜೊತೆಗೆ ಬಂದು ಸ್ಟೋರ್ಸ್ ತೋರಿಸಿದರು. ಖಾಲಿ ಜಾರ್‌ಗಳ ಪ್ಯಾಲೆಟ್‌ಗಳನ್ನು ದಾಟಿ ಹಿಂದಿನ ಗೋಡೆಗೆ ಹೋದರೆ, ಮಡಚಿ ಕಟ್ಟಿದ ಬಾಕ್ಸ್ ಬಂಡಲ್‌ಗಳು ಎದೆಯೆತ್ತರಕ್ಕೆ ನಿಂತಿದ್ದವು. ಸ್ಟೋರ್ಸ್ ನೋಡಿಕೊಳ್ಳುವ ಹಿರಿಯರು ಒಂದು ಬಂಡಲ್ ಎಳೆದು ಧೂಳು ಕೊಡವಿದರು. ಅದರ ಮೇಲೆ ಜರ್ಮನ್ ಭಾಷೆಯ ಪ್ರಿಂಟ್ ಇತ್ತು. "ಈ ಗಿರಾಕಿ ಆಮೇಲೆ ವಿಳಾಸ ಬದಲಾಯಿಸಿದ್ರು. ಹಳೇ ವಿಳಾಸದ ಬಾಕ್ಸ್ ಕಳಿಸಂಗಿಲ್ಲ" ಅಂದರು. ಪಕ್ಕದ್ದು ಬಾರ್‌ಕೋಡ್ ಬದಲಾದದ್ದು. ಅದರ ಪಕ್ಕದ ಗಿರಾಕಿ ಆರ್ಡರನ್ನೇ ನಿಲ್ಲಿಸಿದ್ದ.

ಮಾಲೀಕರು ಬಗ್ಗಿ, ನೆಲದ ಹತ್ತಿರದ ಬಂಡಲ್‌ನ ಅಂಚನ್ನು ಹೆಬ್ಬೆರಳಿನಿಂದ ಒತ್ತಿದರು. ಒಳಗಿನ ಸುಕ್ಕು ಮೆತ್ತಗೆ ಕುಸಿಯಿತು, ವಾಪಸ್ ಮೇಲೇಳಲಿಲ್ಲ. ಮಳೆಗಾಲದ ತೇವ ಹೀರಿಕೊಂಡ ಬಾಕ್ಸ್ ಅದು. ಅಂಥ ಬಾಕ್ಸ್‌ಗೆ ಹನ್ನೆರಡು ಜಾರ್ ತುಂಬಿ ಹಡಗಿನಲ್ಲಿ ವಾರಗಟ್ಟಲೆ ಕಳಿಸಿದರೆ, ಕೆಳಗಿನ ಸಾಲು ಮೇಲಿನ ಭಾರ ತಡೆಯುವುದಿಲ್ಲ. ಪ್ರಿಂಟ್ ಸರಿ ಇದ್ದರೂ ಇನ್ನು ಅದು ಕೆಲಸಕ್ಕೆ ಬರುವುದಿಲ್ಲ.

"ಇದನ್ನೆಲ್ಲಾ ಏನ್ ಮಾಡ್ತೀರಿ ಯಜಮಾನ್ರೇ?" ಅಂತ ಕೇಳಿದರು. "ಜಾಗ ಸಾಲ್ದೇ ಹೋದಾಗ ರದ್ದಿಗೆ ಹಾಕ್ತೀವಿ" ಅಂದರು ಅವರು.

ಪರ್ಚೇಸ್ ಮ್ಯಾನೇಜರ್ ಸುಮ್ಮನಿದ್ದರು. ಅವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಅವರ ಲೆಕ್ಕದಲ್ಲಿ ಇರಲಿಲ್ಲ, ಅಷ್ಟೇ. ಒಂದು ಬಾಕ್ಸ್ ಎಷ್ಟಕ್ಕೆ ಬಂತು ಅಂತ ಅವರನ್ನು ಕೇಳುತ್ತಾರೆ. ಉಳಿದ ಬಾಕ್ಸ್ ಎಷ್ಟು ಅಂತ ಸ್ಟೋರ್ಸ್‌ನವರನ್ನು ಕೇಳುತ್ತಾರೆ. ಹಾಳಾದ ಸ್ಟಾಕ್ ಬರೆದು ಹಾಕುವುದು ವರ್ಷದ ಕೊನೆಯಲ್ಲಿ ಅಕೌಂಟ್ಸ್‌ನವರ ತಲೆನೋವು. "ನಾವು ಖುಷಿಯಾಗಿದೀವಿ" ಅಂತ ಅವರು ಹೇಳಿದಾಗ ಅದು ಅವರ ಮೇಜಿನ ಮಟ್ಟಿಗೆ ಪೂರ್ತಿ ನಿಜ. ಈ ಪ್ರಕರಣದಿಂದ ನಾನು ಮುಖ್ಯವಾಗಿ ತಗೊಂಡದ್ದು ಇದನ್ನೇ: ವೆಂಡರ್ ಬಗ್ಗೆ ಖುಷಿಯಾಗಿರುವುದು ಕಂಪನಿ ಅಲ್ಲ, ಅಲ್ಲಿನ ಒಬ್ಬ ಮನುಷ್ಯ. ಅವರ ಖುಷಿಯನ್ನು ಪ್ರಶ್ನೆ ಮಾಡದೆ, ಅವರ ಜೊತೆಗೇ, ಅವರ ಪಕ್ಕದ ಮೇಜಿನವರ ಕಷ್ಟ ನೋಡಬಹುದು.

ಲೆಕ್ಕ ಮತ್ತು ಅದನ್ನು ಇಟ್ಟ ರೀತಿ

ಒಂದು ಪ್ರಿಂಟ್ ತಗೊಂಡು ಲೆಕ್ಕ ಹಾಕಿದರು. 720 ಎಂಎಲ್‌ನ ಹನ್ನೆರಡು ಜಾರ್ ಹಿಡಿಸುವ, ಐದು ಪದರದ ಬಾಕ್ಸ್. ವೆಂಡರ್ ರೇಟ್ 32 ರೂಪಾಯಿ. 5,000 ಪೀಸ್‌ಗೆ 1,60,000 ರೂಪಾಯಿ. ಆ ಸೀಸನ್‌ನಲ್ಲಿ ಬಳಕೆಯಾಗಿದ್ದು 1,800. ಮಿಕ್ಕ 3,200 ರದ್ದಿಗೆ ಹೋದರೆ ಬಾಕ್ಸಿಗೆ ಸುಮಾರು 5 ರೂಪಾಯಿ, ಅಂದರೆ 16,000 ವಾಪಸ್. ಕೈಯಿಂದ ಹೋದದ್ದು 1,44,000. ಅದನ್ನು ಬಳಸಿದ 1,800 ಬಾಕ್ಸ್‌ಗೆ ಹಂಚಿದರೆ ಒಂದು ಬಾಕ್ಸ್ 80 ರೂಪಾಯಿಗೆ ಬಿದ್ದಿತ್ತು.

ನಮ್ಮ ಕಂಪನಿಯ ರೇಟ್ 41 ರೂಪಾಯಿ. ಬೇಕಾದಷ್ಟೇ, 1,800 ಪೀಸ್ ಮಾಡಿದರೆ 73,800. ಪ್ರಿಂಟ್‌ಗೆ ಬೇಕಾಗುವ ರಬ್ಬರ್ ಅಚ್ಚು, ಅಂದರೆ ಸ್ಟೀರಿಯೋ, ಅದರ ಖರ್ಚು ಬೇರೆ, ಅದು ಒಂದು ಸಲ ಮಾತ್ರ.

ಇಲ್ಲಿ ನಿಲ್ಲಿಸಿದ್ದರೆ ಲೆಕ್ಕ ಚೆನ್ನಾಗೇ ಕಾಣುತ್ತಿತ್ತು. ಆದರೆ ಅದು ಅರ್ಧ ಲೆಕ್ಕ. ಅದೇ ಪ್ರಿಂಟ್ ಮುಂದಿನ ಸೀಸನ್‌ಗೂ ಬಳಕೆಯಾದರೆ? ಮಾಲೀಕರು ಅದನ್ನೂ ಹಾಕಿ ತೋರಿಸಿದರು. ಐದು ಸಾವಿರದಲ್ಲಿ ಸುಮಾರು 3,800ಕ್ಕಿಂತ ಜಾಸ್ತಿ ಬಳಕೆಯಾಗುತ್ತದೆ ಅನ್ನುವ ಭರವಸೆ ಇದ್ದರೆ, ರದ್ದಿ ಹಣ ಸೇರಿಸಿದ ಮೇಲೆ ಹಳೇ ವೆಂಡರ್ ಕಡೆಯೇ ಅಗ್ಗ. ಹಾಗಾಗಿ ಕೇಳಿದ್ದು ಐದು ಪ್ರಿಂಟ್ ಮಾತ್ರ. ಪ್ರತಿಯೊಂದೂ ಎರಡು ಸಾವಿರದ ಒಳಗಿನದು, ಪದೇ ಪದೇ ಬದಲಾಗುವುದು. "ಇವುಗಳಲ್ಲಿ ಯಾವುದಾದ್ರೂ ದೊಡ್ಡ ಲಾಟ್‌ಗೆ ಬೆಳೆದ್ರೆ ಅವರಿಗೇ ಕೊಟ್ಬಿಡಿ, ಸ್ಟೀರಿಯೋನೂ ಕಳಿಸಿಕೊಡ್ತೀನಿ" ಅಂದರು.

ಇನ್ನೊಂದು ಸೂಕ್ಷ್ಮ ಇತ್ತು. ಈ ಲೆಕ್ಕವನ್ನು ಮೇಲ್‌ನಲ್ಲಿ ಹಾಕಿ ಎಂಡಿಗೂ ಒಂದು ಕಾಪಿ ಕಳಿಸಿದ್ದರೆ ಪರ್ಚೇಸ್ ಮ್ಯಾನೇಜರ್ ಇಷ್ಟು ವರ್ಷ ದುಡ್ಡು ಪೋಲು ಮಾಡಿದರು ಅಂತ ಹೇಳಿದ ಹಾಗೆ ಆಗುತ್ತಿತ್ತು. ಹುಡುಗ ಅದನ್ನೇ ಮಾಡೋಣ ಅಂತ ಕುಣಿಯುತ್ತಿದ್ದ. ಮಾಲೀಕರು ಒಂದು ಹಾಳೆಯಲ್ಲಿ ಕೈಯಲ್ಲೇ ಬರೆದು, ಕಂಪನಿ ಹೆಸರು ಹಾಕದೆ, ಮ್ಯಾನೇಜರ್ ಕೈಗೆ ಕೊಟ್ಟು ಬಂದರು. "ನಂಬರ್ ನಿಮ್ಮ ಸ್ಟೋರ್ಸ್ ಲೆಕ್ಕದ್ದೇ. ಸರಿ ಅನ್ನಿಸಿದ್ರೆ ನೋಡಿ" ಅಂದರು. ಅದು ಎಂಡಿ ಹತ್ತಿರ ಹೋದಾಗ, ಸ್ಟೋರ್ಸ್ ಖರ್ಚು ಇಳಿಸಲು ಮ್ಯಾನೇಜರ್ ಅವರೇ ಕಂಡುಕೊಂಡ ದಾರಿಯಾಗಿ ಹೋಯಿತು. ನಿಜ ಹೇಳಬೇಕೆಂದರೆ ಸ್ಟೋರ್ಸ್‌ಗೆ ಕರೆದುಕೊಂಡು ಹೋದವರೂ ಅವರೇ ತಾನೇ.

ಟ್ರಯಲ್

ಒಂದು ಪ್ರಿಂಟ್‌ನ ಟ್ರಯಲ್ ಆರ್ಡರ್ ಬಂತು. ಬಾಕ್ಸಿನ ಗಟ್ಟಿತನ, ತೇವಾಂಶ ಎಲ್ಲಾ ಪಾಸಾಯಿತು. ಎಡವಿದ್ದು ಬಾರ್‌ಕೋಡ್‌ನಲ್ಲಿ. ಪ್ರಿಂಟ್ ಮಷಿನ್‌ನಲ್ಲಿ ಒತ್ತಡ ಜಾಸ್ತಿ ಇಟ್ಟಿದ್ದರಿಂದ ಇಂಕ್ ಹರಡಿ ಕಪ್ಪು ಪಟ್ಟಿಗಳು ದಪ್ಪಗಾದವು, ನಡುವಿನ ಸಂದುಗಳು ಕಿರಿದಾದವು. ಕಣ್ಣಿಗೆ ಚೆನ್ನಾಗಿ ಕಪ್ಪಗೆ, ಭರ್ಜರಿಯಾಗಿ ಕಾಣುತ್ತಿತ್ತು. ಸ್ಕ್ಯಾನರ್ ಮಾತ್ರ ನಾಲ್ಕರಲ್ಲಿ ಒಂದು ಬಾಕ್ಸ್ ಓದಲಿಲ್ಲ. ಕಂದು ಕ್ರಾಫ್ಟ್ ಪೇಪರ್ ಮೇಲೆ ಮೊದಲೇ ಬಿಳಿ ಕಾಗದದಷ್ಟು ವ್ಯತ್ಯಾಸ ಸಿಗುವುದಿಲ್ಲ, ಅದರ ಮೇಲೆ ಇದು.

ಮ್ಯಾನೇಜರ್ ಫೋನ್ ಮಾಡಿದರು. ಪರ್ಚೇಸ್ ದಾಟಿ ಒಳಗೆ ಹೋಗಿದ್ದರೆ ಈ ಫೋನ್ ಬದಲು ರಿಜೆಕ್ಷನ್ ನೋಟ್ ಬರುತ್ತಿತ್ತು ಅನ್ನುವುದು ನನ್ನ ಲೆಕ್ಕ. ಒತ್ತಡ ಇಳಿಸಿ, ಪಟ್ಟಿಗಳನ್ನು ಸ್ವಲ್ಪ ಸಣ್ಣ ಮಾಡಿ ಹೊಸ ಸ್ಟೀರಿಯೋ ಮಾಡಿಸಿ, ಪೂರ್ತಿ ಲಾಟ್ ಮತ್ತೆ ಪ್ರಿಂಟ್ ಮಾಡಿಕೊಟ್ಟರು. ಆಮೇಲಿನ ಪ್ರತಿ ಲಾಟ್‌ನಲ್ಲೂ ಪಿನ್ ಹೊಡೆಯುವ ಮೊದಲೇ ಬಂಡಲ್‌ಗೆ ಒಂದು ಶೀಟ್ ಸ್ಕ್ಯಾನ್ ಮಾಡುವ ರೂಢಿ ಬಂತು. ಹಳೇ ವೆಂಡರ್‌ಗೆ ವಿಷಯ ತಿಳಿಸಿದ್ದು ಮ್ಯಾನೇಜರ್ ಅವರೇ. ಸಣ್ಣ ಲಾಟ್‌ಗಳು ಅವರಿಗೂ ಕಿರಿಕಿರಿಯೇ ಆಗಿದ್ದವು, ಜಗಳವೇನೂ ಆಗಲಿಲ್ಲ.

"ಪೂರ್ತಿ ನಿಮಗೇ ಕೊಡ್ತೀನಿ" ಅಂದ ದಿನ

ಈ ಪ್ರಕರಣದಲ್ಲಿ ನನಗೆ ತುಂಬಾ ಇಷ್ಟವಾದ ತಿರುವು ಇದು. 2020ರ ಕೊನೆಗೆ ಕ್ರಾಫ್ಟ್ ಪೇಪರ್ ರೇಟ್ ಏರತೊಡಗಿತು. ಚೀನಾ 2021ರ ಜನವರಿ 1ರಿಂದ ವೇಸ್ಟ್ ಪೇಪರ್ ಆಮದು ಪೂರ್ತಿ ನಿಲ್ಲಿಸಿತು. ಅಲ್ಲಿನ ಕಾರ್ಖಾನೆಗಳಿಗೆ ಬೇಕಾದ ಸರಕನ್ನು ರೀಲ್ ರೂಪದಲ್ಲಿ ನಮ್ಮ ಮಿಲ್‌ಗಳು ರಫ್ತು ಮಾಡತೊಡಗಿದವು. ಇಲ್ಲಿ ಬಾಕ್ಸ್ ಮಾಡುವವರಿಗೆ ಪೇಪರ್ ಕೊರತೆ. ಬಾಕ್ಸ್ ಖರ್ಚಿನಲ್ಲಿ ದೊಡ್ಡ ಪಾಲು ಪೇಪರ್‌ದ್ದೇ. ಹಾಗಾಗಿ ಹಳೇ ವೆಂಡರ್ ರೇಟ್ ಏರಿಸಿ ಅಂತ ಪತ್ರ ಕೊಟ್ಟರು. ಆಮೇಲೆ ಇನ್ನೊಂದು ಕೊಟ್ಟರು.

ಮ್ಯಾನೇಜರ್ ನಮ್ಮ ಮಾಲೀಕರಿಗೆ ಫೋನ್ ಮಾಡಿದರು. ಧ್ವನಿಯಲ್ಲಿ ಕೋಪ ಇತ್ತು. "ಸರ್, ಎಲ್ಲಾ ಸೈಜೂ ನಿಮಗೇ ಕೊಡ್ತೀನಿ. ಅವರ ಹಳೇ ರೇಟಿಗೆ ಮಾಡ್ತೀರಾ?"

"ನಮಗೆ ವೆಂಡರ್ ಇದಾರೆ" ಅಂದವರಿಂದ ಈ ಮಾತು ಕೇಳಲು ಎಷ್ಟೋ ಜನ ವರ್ಷಗಟ್ಟಲೆ ಕಾಯುತ್ತಾರೆ. ಮಾಲೀಕರು ಆಗಲ್ಲ ಅಂದರು. ಹಳೇ ರೇಟಿಗೆ ಪೇಪರ್ ಯಾರಿಗೂ ಸಿಗುತ್ತಿರಲಿಲ್ಲ. ಒಪ್ಪಿಕೊಂಡಿದ್ದರೆ ಎರಡು ಲಾಟ್ ಕೊಟ್ಟು, ಮೂರನೆಯದಕ್ಕೆ ಅವರೂ ಪತ್ರ ಬರೆಯಬೇಕಿತ್ತು. ಅಷ್ಟರಲ್ಲಿ ಮ್ಯಾನೇಜರ್ ಹಳೇ ವೆಂಡರ್‌ನ ಕಳೆದುಕೊಂಡು, ರಾತ್ರಿ ಬಾಕ್ಸ್ ಬೇಕಾದರೆ ಯಾರೂ ಇಲ್ಲದೆ ನಿಂತಿರುತ್ತಿದ್ದರು.

ಬದಲಿಗೆ ಅವರು ಒಂದು ಕೆಲಸ ಮಾಡಿದರು. ತಾವು ಪೇಪರ್ ಕೊಂಡ ಹಿಂದಿನ ಮತ್ತು ಈಗಿನ ಬಿಲ್ ಎರಡನ್ನೂ ಮ್ಯಾನೇಜರ್‌ಗೆ ತೋರಿಸಿದರು. "ನಿಮ್ಮ ವೆಂಡರ್ ಕೇಳ್ತಿರೋದ್ರಲ್ಲಿ ಮೋಸ ಇಲ್ಲ ಸರ್. ಒಂದೇ ಸಲ ಪೂರ್ತಿ ಏರಿಸಬೇಡಿ, ಪೇಪರ್ ರೇಟಿಗೆ ಕಟ್ಟಿ ತಿಂಗಳು ತಿಂಗಳು ಲೆಕ್ಕ ಹಾಕಿ ಅನ್ನಿ. ಇಳಿದಾಗ ಇಳಿಸ್ತಾರೆ" ಅಂದರು. ಪ್ರತಿಸ್ಪರ್ಧಿಯ ಪರವಾಗಿ ಮಾತಾಡಿದ ಹಾಗೆ ಕಂಡರೂ, ಅದೇ ಪದ್ಧತಿಯಲ್ಲಿ ತಮ್ಮ ಐದು ಪ್ರಿಂಟ್‌ಗಳ ರೇಟನ್ನೂ ಸರಿಪಡಿಸಿಕೊಂಡರು. ಆ ಫೋನ್ ಆದ ಕೆಲವು ವಾರಕ್ಕೆ, ರಟ್ಟಿನ ಪಾರ್ಟಿಷನ್ ಕೆಲಸ ಪೂರ್ತಿ ಇವರ ಕಡೆ ಬಂತು. ಜಾರ್‌ಗಳು ಒಂದಕ್ಕೊಂದು ತಾಗದಂತೆ ಬಾಕ್ಸ್ ಒಳಗೆ ಹಾಕುವ ಅಡ್ಡಪಟ್ಟಿಗಳು ಅವು. ಕೈಕೆಲಸ ಜಾಸ್ತಿ, ದೊಡ್ಡ ಲೈನ್‌ನವರಿಗೆ ಅದು ಬೇಡವಾದ ಕೆಲಸ.

ಎಲ್ಲಿ ಇದು ನಡೆಯುವುದಿಲ್ಲ

ಇದೇ ಮಾಲೀಕರು ಇದೇ ರೀತಿಯ ಮೆಸೇಜನ್ನು ಅಗರಬತ್ತಿ ಪ್ಯಾಕ್ ಮಾಡುವ ಇನ್ನೊಂದು ಕಂಪನಿಗೆ ಕಳಿಸಿದರು. ಅಲ್ಲಿಯ ಉತ್ತರವೂ ಮೊದಲು "ವೆಂಡರ್ ಇದಾರೆ, ಚೆನ್ನಾಗಿದೆ" ಅಂತಲೇ ಇತ್ತು. ಉಳಿದ ಬಾಕ್ಸ್‌ಗಳ ಪ್ರಶ್ನೆಗೆ "ಇದಾವೆ, ಪರವಾಗಿಲ್ಲ" ಅಂತ ಬಂತು. ವಿಚಾರಿಸಿದರೆ ವೆಂಡರ್ ಆ ಕಂಪನಿಯ ಪಾಲುದಾರರೊಬ್ಬರ ಭಾವಮೈದ. ಕಷ್ಟ ಗೊತ್ತಿದ್ದೂ "ಪರವಾಗಿಲ್ಲ" ಅಂದರೆ ಅಲ್ಲಿ ತೀರ್ಮಾನ ಬೇರೆ ಯಾವುದೋ ಕಾರಣಕ್ಕೆ ಆಗಿದೆ ಅಂತ ಅರ್ಥ. ಮಾಲೀಕರು ಹೇಳಿದ ಮಾತಿನಂತೆ ಅಲ್ಲಿಗೆ ನಿಲ್ಲಿಸಿದರು. "ಮತ್ತೆ ತೊಂದರೆ ಕೊಡಲ್ಲ" ಅಂತ ಬರೆದು ತಿಂಗಳಿಗೊಂದು "ಗುಡ್ ಮಾರ್ನಿಂಗ್ ಸರ್" ಕಳಿಸುವವರನ್ನು ಬೇಕಾದಷ್ಟು ನೋಡಿದ್ದೇನೆ.

ಇನ್ನೊಂದು ಮಿತಿಯೂ ಇದೆ. ಮಾರುವವರ ಹತ್ತಿರ ನಿಜವಾಗಿ ಬೇರೆ ಶಕ್ತಿ ಇರಬೇಕು. ಹಳೇ ವೆಂಡರ್‌ನಂಥದ್ದೇ ಮಷಿನ್, ಅದೇ ಲಾಟ್ ಸೈಜ್, ಅದೇ ದೂರ ಇದ್ದವರು ಈ ಪ್ರಶ್ನೆ ಕೇಳಿ, ಸ್ಟೋರ್ಸ್ ನೋಡಿ ಬಂದರೂ ಕೊಡಲು ಏನೂ ಇರುವುದಿಲ್ಲ. ಅಂಥವರಿಗೆ ಉಳಿಯುವುದು ಎರಡನೇ ಸಪ್ಲೈಯರ್ ಆಗಿ ಹೆಸರು ಬರೆಸಿ, ಸ್ಯಾಂಪಲ್ ಅಪ್ರೂವ್ ಮಾಡಿಸಿಟ್ಟು, ಮೊದಲನೆಯವರು ಕೈಕೊಟ್ಟ ದಿನ ಫೋನ್ ಬರುವ ಜಾಗದಲ್ಲಿ ಇರುವುದು.

ಆ ಐದು ಪ್ರಿಂಟ್‌ಗಳ ಪೈಕಿ ಈಗ ಮೂರು ಮಾತ್ರ ಇವರ ಹತ್ತಿರ ಇವೆ. ಹಳೇ ವೆಂಡರ್ ಸುಮ್ಮನೆ ಕೂತಿರಲಿಲ್ಲ. ಏನೂ ಪ್ರಿಂಟ್ ಇಲ್ಲದ ಒಂದೇ ಸೈಜಿನ ಬಾಕ್ಸ್ ದೊಡ್ಡ ಲಾಟ್‌ನಲ್ಲಿ ಮಾಡಿಕೊಟ್ಟು, ಗಿರಾಕಿ ಹೆಸರು, ಬಾರ್‌ಕೋಡ್ ಎಲ್ಲಾ ಸ್ಟಿಕ್ಕರ್‌ನಲ್ಲಿ ಅಂಟಿಸಿ ಅಂತ ರಫ್ತು ಕಂಪನಿಗೆ ಹೇಳಿದರು. ಸ್ಟಿಕ್ಕರ್ ಒಪ್ಪುವ ಇಬ್ಬರು ಗಿರಾಕಿಗಳ ಕೆಲಸ ಹಾಗೆ ವಾಪಸ್ ಹೋಯಿತು. ಬಾಕ್ಸ್ ಮೇಲೇ ಪ್ರಿಂಟ್ ಬೇಕು ಅನ್ನುವ ಮೂವರದ್ದು ಇಲ್ಲೇ ಉಳಿಯಿತು, ಪಾರ್ಟಿಷನ್ ಕೆಲಸವೂ ಇಲ್ಲೇ ಇದೆ. ಮಾಲೀಕರು ಎರಡು ಸ್ಟೀರಿಯೋಗಳನ್ನು ಕಾಗದದಲ್ಲಿ ಸುತ್ತಿ ಮ್ಯಾನೇಜರ್‌ಗೆ ಕಳಿಸಿಕೊಟ್ಟರು. ಹೋದ ಸೀಸನ್ ಶುರುವಿಗೆ ಮಾಲೀಕರು ಸ್ಟೋರ್ಸ್‌ನ ಹಿರಿಯರಿಗೆ ಮತ್ತೆ ಫೋನ್ ಮಾಡಿದ್ದರು. ಈ ಸಲ ಕೇಳಿದ್ದು ಬಾಕ್ಸ್ ಬಗ್ಗೆ ಅಲ್ಲ. ಪ್ಯಾಲೆಟ್ ಮೂಲೆಗೆ ಹಾಕುವ ರಟ್ಟಿನ ಆಂಗಲ್‌ಗಳು ಎಲ್ಲಿಂದ ಬರುತ್ತಿವೆ ಅಂತ ಕೇಳಿದರು.